ಟನ್ನಿಗೆ ಎಷ್ಟು ಯೂನಿಟ್: ಒಂದು ಅಳತೆಗೋಲಿನ ವಿಮರ್ಶೆ

ಸಕ್ಕರೆ ಕಾರ್ಖಾನೆಯ ಸಹ ವಿದ್ಯುತ್ ಘಟಕ ಚೆನ್ನಾಗಿದೆಯೇ ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದು ಅಂಕಿ: ನುರಿಸಿದ ಪ್ರತಿ ಟನ್ ಕಬ್ಬಿಗೆ ಗ್ರಿಡ್‌ಗೆ ಹರಿಸಿದ್ದು ಇಷ್ಟು ಯೂನಿಟ್. ಸ್ವಂತ ಬಳಕೆ ಕಳೆದು ಉಳಿದ ಈ ವಿದ್ಯುತ್ತಿನ ಲೆಕ್ಕವೇ ಎಂಜಿನಿಯರುಗಳ ಹೆಮ್ಮೆ, ಆಡಳಿತ ಮಂಡಳಿಗಳ ವರದಿಗೆ ಕಳೆ. ಬಬಲೇಶ್ವರ ತಾಲ್ಲೂಕಿನ ಕೃಷ್ಣಾ ದಂಡೆಯಲ್ಲಿ ನಂದಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಬಂದ ಮೇಲೆ, ದ್ರಾಕ್ಷಿಗೆ ಹೆಸರಾದ ತಿಕೋಟಾ ಕಡೆಯ ಎರೆ ನೆಲದಲ್ಲೂ ಕಬ್ಬಿನ ಆಸೆ ಚಿಗುರಿದೆ. ಇಂಥ ಸೀಮೆಯಲ್ಲಿ ಈ ಅಂಕಿಯನ್ನು ಹೇಗೆ ಓದಬೇಕು ಎಂಬುದು ಕಬ್ಬು ಕಳಿಸುವವರ ಜೇಬಿಗೆ ನೇರವಾಗಿ ತಾಗುವ ಪ್ರಶ್ನೆ. ನನ್ನ ವಾದ ಇಷ್ಟು: ಟನ್ನಿಗೆ ಯೂನಿಟ್ ಎಂಬುದು ಕಾರ್ಖಾನೆಯ ಜಾಣ್ಮೆಗಿಂತ ಹೆಚ್ಚಾಗಿ ಕಬ್ಬಿನ ನಾರನ್ನು ಅಳೆಯುತ್ತದೆ. ಆ ನಾರು ಹೆಚ್ಚಾದಾಗ ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ.

ಲೆಕ್ಕವನ್ನು ಬುಡದಿಂದ ಹಾಕೋಣ. ಇದು ಯಾವ ಒಂದು ಕಾರ್ಖಾನೆಯ ವರದಿಯೂ ಅಲ್ಲ, 67 ಬಾರ್ ಒತ್ತಡದ ಬಾಯ್ಲರ್ ಇರುವ ಘಟಕದ ಮಾದರಿ ಲೆಕ್ಕ. ಕಬ್ಬಿನಲ್ಲಿ ನೂರಕ್ಕೆ 13 ಭಾಗ ನಾರಿದ್ದರೆ ಒಂದು ಟನ್ನಿನಿಂದ ಸುಮಾರು 277 ಕಿಲೋ ಬಗ್ಯಾಸ್ ಬರುತ್ತದೆ. ಅದರಲ್ಲಿ ಅರ್ಧದಷ್ಟು ನೀರೇ. ರಸ ಸೋಸುವ ಫಿಲ್ಟರಿಗೆ ಹೋಗುವ ಪುಡಿ ಮತ್ತು ಇತರ ನಷ್ಟ ಕಳೆದರೆ ಉರಿಸಲು ಉಳಿಯುವುದು 260 ಕಿಲೋ. ಕಿಲೋಗೆ ಎರಡೂಕಾಲು ಕಿಲೋ ಹಬೆಯಂತೆ 585 ಕಿಲೋ ಹಬೆ ಹುಟ್ಟುತ್ತದೆ. ಇದರಲ್ಲಿ 450 ಕಿಲೋ ಟರ್ಬೈನನ್ನು ಅರ್ಧ ದಾರಿಯವರೆಗೆ ತಿರುಗಿಸಿ, ರಸ ಕುದಿಸಲು ಹೊರಬೀಳುತ್ತದೆ. ಅದು ಆರು ಕಿಲೋಗೆ ಒಂದರಂತೆ 75 ಯೂನಿಟ್ ಕೊಡುತ್ತದೆ. ಉಳಿದ 135 ಕಿಲೋ ಕಂಡೆನ್ಸರಿನವರೆಗೂ ಇಳಿದು, ನಾಲ್ಕು ಕಿಲೋಗೆ ಒಂದರಂತೆ ಸುಮಾರು 34 ಯೂನಿಟ್ ಕೊಡುತ್ತದೆ. ಒಟ್ಟು 109. ಗಾಣ, ಪಂಪು, ಫ್ಯಾನುಗಳಿಗೆ 38 ಹೋದರೆ ಮಾರಾಟಕ್ಕೆ ಸಿಗುವುದು ಸುಮಾರು 70 ಯೂನಿಟ್.

ಈಗ ಎಂಜಿನಿಯರ್ ಒಬ್ಬರು ಹಬೆ ಉಳಿಸಲು ಹೊರಟರು ಎನ್ನಿ. ರಸ ಬತ್ತಿಸುವ ಪಾತ್ರೆಗಳನ್ನು ಬದಲಿಸಿ, ಒಂದರ ಆವಿಯನ್ನು ಮುಂದಿನದಕ್ಕೆ ಇನ್ನಷ್ಟು ಚೆನ್ನಾಗಿ ದುಡಿಸಿ, ಕುದಿಸುವ ಹಬೆಯನ್ನು 450 ಕಿಲೋದಿಂದ 370ಕ್ಕೆ ಇಳಿಸಿದರು. ಬಂಡವಾಳ ಬೇಡುವ, ಹಂಗಾಮುಗಳಗಟ್ಟಲೆ ಬೆನ್ನು ಹತ್ತಬೇಕಾದ ಕೆಲಸ ಇದು. ಆದರೆ ಉಳಿದ 80 ಕಿಲೋ ಹಬೆ ಮೊದಲೂ ಅರ್ಧ ದಾರಿ ದುಡಿಯುತ್ತಲೇ ಇತ್ತು. ಅದು ಪೂರ್ತಿ ಇಳಿದಾಗ ಹೊಸದಾಗಿ ಸಿಗುವುದು ಟನ್ನಿಗೆ ಏಳು ಯೂನಿಟ್ ಮಾತ್ರ. ಇನ್ನೊಂದು ಕಾರ್ಖಾನೆ ಏನೂ ಮಾಡಲಿಲ್ಲ, ಬಂದ ಕಬ್ಬಿನಲ್ಲಿ ನಾರು 13ರ ಬದಲು 15 ಇತ್ತು, ಅಷ್ಟೇ. ಟನ್ನಿಗೆ 42 ಕಿಲೋ ಹೆಚ್ಚು ಬಗ್ಯಾಸ್, 94 ಕಿಲೋ ಹೆಚ್ಚು ಹಬೆ. ಕುದಿಸಲು ಬೇಕಾದ ಹಬೆ ಮೊದಲೇ ಪೂರೈಸಿರುವುದರಿಂದ ಇದೆಲ್ಲ ಕಂಡೆನ್ಸರಿಗೆ ಇಳಿದು ಸುಮಾರು 24 ಯೂನಿಟ್ ಕೊಡುತ್ತದೆ. ದುಡಿದವರಿಗೆ ಏಳು, ಸುಮ್ಮನಿದ್ದವರಿಗೆ 24. ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ಹೋಲಿಸುವ ಅಂಕಿ ದಕ್ಷತೆಯ ಅಳತೆ ಆಗುವುದಾದರೂ ಹೇಗೆ?

ನಾರು ಹೆಚ್ಚುವುದಕ್ಕೆ ತಳಿಯೊಂದೇ ಕಾರಣವಲ್ಲ. ಸೋಗೆ, ರವದಿ ಸಮೇತ ಬಂದ ಕಬ್ಬಿನಲ್ಲಿ ನಾರು ಏರುತ್ತದೆ. ಕಡಿದ ಕಬ್ಬು ತೂಕವಾಗುವ ಮೊದಲು ಟ್ರ್ಯಾಕ್ಟರ್ ಸಾಲಿನಲ್ಲಿ ಒಣಗಿದರೂ ಏರುತ್ತದೆ, ಏಕೆಂದರೆ ಹಾರಿಹೋಗುವುದು ನೀರು, ನಾರಲ್ಲ. ನೂರಕ್ಕೆ ಐದು ಭಾಗ ತೂಕ ಹೋದರೆ 13 ಇದ್ದ ನಾರು 13.7 ಆಗುತ್ತದೆ. ರೈತರಿಗೆ ತೂಕದಲ್ಲಿ ನಷ್ಟವಾದ ಅದೇ ಕಬ್ಬು ಟನ್ನಿಗೆ ಯೂನಿಟ್ ಲೆಕ್ಕದಲ್ಲಿ ಕಾರ್ಖಾನೆಯ ಸಾಧನೆಯಾಗಿ ಕಾಣುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಇರುವುದು ಇಲ್ಲಿಯೇ.

ಸಕ್ಕರೆಯ ಕಡೆಗೂ ನೋಡಬೇಕು. ಗಾಣದಿಂದ ಹೊರಬರುವ ಬಗ್ಯಾಸಿನಲ್ಲಿ ನೂರಕ್ಕೆ ಎರಡು ಭಾಗದಷ್ಟು ಸಕ್ಕರೆ ಸಿಕ್ಕಿಕೊಂಡೇ ಇರುತ್ತದೆ. 42 ಕಿಲೋ ಹೆಚ್ಚುವರಿ ಬಗ್ಯಾಸ್ ಎಂದರೆ ಟನ್ನಿಗೆ ಸುಮಾರು 840 ಗ್ರಾಂ ಸಕ್ಕರೆ ಬೆಂಕಿಗೆ. ಇಳುವರಿಯ ಲೆಕ್ಕದಲ್ಲಿ ಇದು ಶೇಕಡಾ 0.084. 2025-26ರ ಎಫ್‌ಆರ್‌ಪಿ ಶೇ 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಇಳುವರಿಯ ಪ್ರತಿ 0.1ಕ್ಕೆ 3.46 ರೂಪಾಯಿ ಏರಿಳಿತ. ಕಾರ್ಖಾನೆಯ ಸರಾಸರಿ ಇಳುವರಿಯೇ ಇಷ್ಟು ಇಳಿದರೆ ಬೆಳೆಗಾರರಿಗೆ ಟನ್ನಿಗೆ ಸುಮಾರು 29 ರೂಪಾಯಿ ಖೋತಾ. ಇಳುವರಿ 9.5ಕ್ಕಿಂತ ಕೆಳಗಿದ್ದಾಗ ಮಾತ್ರ ಈ ಕಡಿತ ಇಲ್ಲ. ಇದೂ ಕನಿಷ್ಠ ಲೆಕ್ಕವೇ. ರವದಿಯಲ್ಲಿ ಸಕ್ಕರೆಯೇ ಇಲ್ಲದ ಕಾರಣ ಅದರ ತೂಕ ಕಬ್ಬಿನ ತೂಕದಲ್ಲಿ ಸೇರಿದಾಗ ಇಳುವರಿ ಇನ್ನೂ ಜಾರುತ್ತದೆ. ಹೆಚ್ಚುವರಿ 24 ಯೂನಿಟ್ಟಿನ ಹಣವಾದರೋ ಎಫ್‌ಆರ್‌ಪಿಯ ಈ ಸೂತ್ರದಲ್ಲಿ ಎಲ್ಲೂ ಬರುವುದಿಲ್ಲ.

ಎಫ್‌ಆರ್‌ಪಿ ನಿಗದಿ ಮಾಡುವಾಗ ಬಗ್ಯಾಸಿನ ಆದಾಯವನ್ನೂ ಪರಿಗಣಿಸಲಾಗಿದೆಯಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಅದು ಇಡೀ ದೇಶಕ್ಕೆ ಒಂದೇ ಆಗಿ ಹೊಂದಿಸಿದ ಬೆಲೆ. ಒಂದು ಕಾರ್ಖಾನೆಯಲ್ಲಿ ಈ ವರ್ಷ ನಾರು ಏರಿದ್ದು ಅದಕ್ಕೆ ಕಾಣಿಸದು, ಇಳುವರಿ ಇಳಿದದ್ದು ಮಾತ್ರ ಕಾಣಿಸುತ್ತದೆ. 2012ರ ರಂಗರಾಜನ್ ಸಮಿತಿ ಸಕ್ಕರೆ, ಕಾಕಂಬಿ, ಬಗ್ಯಾಸ್, ಪ್ರೆಸ್‌ಮಡ್‌ಗಳ ಆದಾಯದಲ್ಲಿ ಶೇ 70 ಬೆಳೆಗಾರರಿಗೆ ಸೇರಲಿ ಎಂದಿತು, ವಿದ್ಯುತ್ತಿನವರೆಗೆ ಹೋಗಲಿಲ್ಲ. ಬಾಯ್ಲರ್, ಟರ್ಬೈನ್‌ಗೆ ಸಾಲ ತಂದವರು ಕಾರ್ಖಾನೆಯವರು, ಆದ್ದರಿಂದ ವಿದ್ಯುತ್ ಅವರದು ಎಂಬ ವಾದದ ನ್ಯಾಯವನ್ನು ನಾನು ಒಪ್ಪುತ್ತೇನೆ. ಒತ್ತಡ ಏರಿಸಿ, ಹಬೆ ಉಳಿಸಿ ಗಳಿಸಿದ ಯೂನಿಟ್ ಅವರದೇ. ಆದರೆ ಕಚ್ಚಾ ನಾರು ಹೆಚ್ಚಾಗಿ ಬಂದದ್ದರಿಂದ ದಕ್ಕಿದ ಯೂನಿಟ್ಟಿಗೆ ಆ ಬಂಡವಾಳದ ನ್ಯಾಯ ಪೂರ್ತಿ ಅನ್ವಯಿಸದು. ಕನಿಷ್ಠ ಆ ಬಗ್ಯಾಸಿನ ಬೆಲೆಯಾದರೂ ಕಬ್ಬಿನ ಬಿಲ್ಲಿಗೆ ಬರಬೇಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಇದೇ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರವಿದೆ. ಹಿಂಗಾರಿನ ಪಂಪ್‌ಸೆಟ್‌ಗಳು ಓಡುವ ಕಾಲಕ್ಕೇ ಕಾರ್ಖಾನೆಗಳೂ ನಡೆಯುತ್ತವೆ. ಹಾಗಿರುವಾಗ ಯಾವ ನಾರಿನಿಂದಲಾದರೂ ಸರಿ, ಬಂದ ಯೂನಿಟ್ಟೆಲ್ಲ ಕಲ್ಲಿದ್ದಲಿನ ಉಳಿತಾಯವಲ್ಲವೇ? ಹೌದು. ಆದರೆ ರವದಿ ಉರಿಸುವುದೇ ಗುರಿಯಾದರೆ ಹೊಲದಲ್ಲೇ ಅದನ್ನು ಬೇರೆಯಾಗಿ ಕಟ್ಟಿ, ಬೇರೆ ತೂಗಿ, ಬೇರೆ ದುಡ್ಡು ಕೊಟ್ಟು ನೇರ ಬಾಯ್ಲರಿಗೆ ಒಯ್ಯಬಹುದು. ಗಾಣದೊಳಗೆ ತೂರಿಸಿದರೆ ಅದು ಸಕ್ಕರೆ ಹೀರಿಕೊಂಡೇ ಹೊರಬರುತ್ತದೆ. ಒಣ ರವದಿಯಲ್ಲಿ ಕ್ಷಾರ ಮತ್ತು ಕ್ಲೋರಿನ್ ಬಗ್ಯಾಸಿಗಿಂತ ಹೆಚ್ಚು, ಬಾಯ್ಲರ್ ಕೊಳವೆಗಳಿಗೆ ಬೂದಿ ಅಂಟುತ್ತದೆ, ಹಾಗಾಗಿ ಎಷ್ಟು ಬೆರೆಸಬಹುದು ಎಂಬುದಕ್ಕೂ ಮಿತಿ ಇದೆ. ಮೇಲಾಗಿ ನೀರು ತುಟ್ಟಿಯಾದ ತಿಕೋಟಾದಂಥ ಕಡೆ ರವದಿಯನ್ನು ಹೊಲದಲ್ಲೇ ಮುಚ್ಚಿಗೆಯಾಗಿ ಹಾಸಿದರೆ ಅದು ಮಣ್ಣಿನ ತೇವ ಹಿಡಿಯುತ್ತದೆ. ಆ ಬೆಲೆ ಯೂನಿಟ್ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಹಾಗೆಂದು ಈ ಅಂಕಿಯನ್ನೇ ಕೈಬಿಡಬೇಕಿಲ್ಲ. ಅದರ ಪಕ್ಕದಲ್ಲಿ ಇನ್ನೂ ಮೂರು ಅಂಕಿ ಅಚ್ಚಾದರೆ ಸಾಕು: ನೂರು ಕಬ್ಬಿಗೆ ಬಗ್ಯಾಸ್ ಎಷ್ಟು, ಕುದಿಸಲು ಹಬೆ ಎಷ್ಟು, ಬಗ್ಯಾಸಿನಲ್ಲಿ ಉಳಿದ ಸಕ್ಕರೆ ಎಷ್ಟು. ಪ್ರಯೋಗಾಲಯದ ದಿನದ ವರದಿಯಲ್ಲಿ ಇವೆಲ್ಲ ಸಾಮಾನ್ಯವಾಗಿ ಇದ್ದೇ ಇರುತ್ತವೆ. ಡಿಸ್ಟಿಲರಿ ಇದ್ದರೆ ಅದಕ್ಕೆ ಹೋದ ಹಬೆಯನ್ನು ಬೇರೆ ತೋರಿಸಬೇಕು, ಇಲ್ಲವಾದರೆ ಎಥೆನಾಲ್ ಮಾಡುವ ಕಾರ್ಖಾನೆ ವಿನಾಕಾರಣ ಹಿಂದುಳಿದಂತೆ ಕಾಣುತ್ತದೆ. ಯೂನಿಟ್ ಏರಿ ಹಬೆ ಇಳಿದಿದ್ದರೆ ಅದು ಎಂಜಿನಿಯರುಗಳ ಗಳಿಕೆ. ಯೂನಿಟ್ ಜೊತೆ ಬಗ್ಯಾಸೂ ಏರಿ ಇಳುವರಿ ಇಳಿದಿದ್ದರೆ, ಸಹಕಾರಿಯ ಸದಸ್ಯರು ವಾರ್ಷಿಕ ಸಭೆಯಲ್ಲಿ ಮೊದಲು ಕೇಳಬೇಕಾದದ್ದು ಕಬ್ಬು ಎಷ್ಟು ಹೊತ್ತು ಸಾಲಿನಲ್ಲಿ ನಿಂತಿತ್ತು ಎಂದು.