ಒಲ್ಲೆ ಎನ್ನುವ ಪತ್ರದ ಕೊನೆಯ ಸಾಲು

ಕಾರ್ಕಳದ ಗೇರುಬೀಜ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕಾಪುವಿನ ಯುವತಿಯೊಬ್ಬಳಿಗೆ ಕೆಲಸ ಸಿಕ್ಕಿದೆ ಎಂದುಕೊಳ್ಳೋಣ. ಅಷ್ಟರಲ್ಲಿ ಮಣಿಪಾಲದ ಕಚೇರಿಯೊಂದು ಒಂದು ವರ್ಷದ ಗುತ್ತಿಗೆಯ ಮೇಲೆ ಕರೆದಿದೆ. ಅವಳು ಮಣಿಪಾಲವನ್ನು ಆರಿಸಿ ಕಾರ್ಖಾನೆಗೆ ಪತ್ರ ಬರೆಯುತ್ತಾಳೆ. ನಮ್ಮ ಕಡೆ ಇಂಥ ಪತ್ರಗಳಿಗೆ ಒಂದು ಅಚ್ಚು ಇದೆ: 'ಅನಿವಾರ್ಯ ಕಾರಣಗಳಿಂದ ಸೇರಲಾಗುತ್ತಿಲ್ಲ, ಕ್ಷಮಿಸಿ. ಮುಂದೆ ಅವಕಾಶವಾದರೆ ಖಂಡಿತ ತಮ್ಮೊಂದಿಗೆ ಕೆಲಸ ಮಾಡುವೆ.'

ವಿನಯಕ್ಕೆ ಇಲ್ಲಿ ಕೊರತೆಯಿಲ್ಲ, ಆದರೆ ಮಾಹಿತಿ ಸೊನ್ನೆ. 'ಅನಿವಾರ್ಯ' ಎಂಬ ಮಾತನ್ನು ಓದಿದವರು ಸಂಬಳ ಸಾಲದೆ ಬಿಟ್ಟಳೆಂದೇ ತಿಳಿಯುತ್ತಾರೆ. ಕೆಲವರು ಅಮ್ಮನಿಗೆ ಹುಷಾರಿಲ್ಲ ಎಂದು ನೆಪ ಹೂಡುತ್ತಾರೆ. ಉಡುಪಿಯಂಥ ಊರಲ್ಲಿ ಅದು ಹೆಚ್ಚು ದಿನ ನಿಲ್ಲುವುದಿಲ್ಲ. ಮುಂದಿನ ಮದುವೆಯೂಟದಲ್ಲೇ ಮಾಲೀಕರ ಪಕ್ಕ ಕೂತವರು ಅವಳು ಮಣಿಪಾಲದಲ್ಲಿ ಇರುವುದನ್ನು ಹೇಳಿಬಿಡುತ್ತಾರೆ.

ಬಾಗಿಲು ತೆರೆದಿಡುವ ಸಾಲು ಬೇರೆ ರೀತಿಯದು: 'ಮಣಿಪಾಲದಲ್ಲಿ ಒಂದು ವರ್ಷದ ಗುತ್ತಿಗೆ ಒಪ್ಪಿದ್ದೇನೆ, ಅದು ಮುಂದಿನ ಜೂನ್‌ನಲ್ಲಿ ಮುಗಿಯುತ್ತದೆ. ರಫ್ತಿನ ಲೆಕ್ಕ ನೋಡುವವರು ಆಗ ಬೇಕಾಗಿದ್ದರೆ ಮತ್ತೆ ಅರ್ಜಿ ಹಾಕಲು ಇಷ್ಟ.' ಯಾವಾಗ, ಯಾವ ಕೆಲಸಕ್ಕೆ ಎಂಬುದು ಇದರಲ್ಲಿದೆ. ಮಾಲೀಕರು ಡೈರಿಯಲ್ಲಿ ಗುರುತು ಹಾಕಿಕೊಳ್ಳಬಹುದು. 'ಖಂಡಿತ ಬರುವೆ' ಎಂದು ಇದು ಮಾತು ಕೊಡುವುದಿಲ್ಲ, 'ಸ್ಥಾನ ಕಾದಿರಿಸಿ' ಎಂದು ಕೇಳುವುದೂ ಇಲ್ಲ.

ಕಾದಿರಿಸಿ ಎಂದು ಕೇಳಿಯೂ ಪ್ರಯೋಜನವಿಲ್ಲ. ಒಪ್ಪಂದದ ಕಾನೂನಿನಂತೆ ಆಹ್ವಾನವನ್ನು ನಿರಾಕರಿಸಿದರೆ ಅದು ಅಲ್ಲಿಗೇ ಮುಗಿಯಿತು. ನಾಳೆ ಮನಸ್ಸು ಬದಲಾಗಿ 'ಬರುತ್ತೇನೆ' ಎಂದರೆ ಅದು ಹೊಸ ಕೋರಿಕೆ. ಮಾಲೀಕರು ಅದಕ್ಕೆ ಒಪ್ಪಲೇಬೇಕೆಂದಿಲ್ಲ. 'ಐದು ಸಾವಿರ ಹೆಚ್ಚು ಕೊಟ್ಟರೆ ಬರುತ್ತೇನೆ' ಎಂದು ಪತ್ರದ ನಡುವೆ ತೂರಿಸಿದರೂ ಮೊದಲಿನ ಆಹ್ವಾನ ಬಿದ್ದುಹೋಗುತ್ತದೆ. ಚೌಕಾಸಿ ಮಾಡುವ ಮನಸ್ಸಿದ್ದರೆ ಈ ಪತ್ರಕ್ಕೆ ಮೊದಲೇ, ಷರತ್ತು ಹಾಕದೆ, ಹೆಚ್ಚು ಕೊಡಲು ಸಾಧ್ಯವೇ ಎಂದು ಫೋನಿನಲ್ಲಿ ವಿಚಾರಿಸಬೇಕು. ಇನ್ನು 'ಒಪ್ಪಿದೆ' ಎಂದು ಸಹಿ ಹಾಕಿದ ಮೇಲೆ ಬೇಡವೆನ್ನುವುದು ನಿರಾಕರಣೆಯಲ್ಲ, ಆಡಿದ ಮಾತು ಹಿಂತೆಗೆಯುವುದು. ಅಲ್ಲಿ ಈ ಮಾದರಿ ಸಾಲದು.

ಪತ್ರದ ಗುಣ ನಿರ್ಧಾರವಾಗುವ ಇನ್ನೊಂದು ಜಾಗ ಅದರ ತಾರೀಕು. ಉತ್ತರಕ್ಕೆ ಶುಕ್ರವಾರದ ಗಡುವಿದ್ದು ಸೋಮವಾರವೇ 'ಇಲ್ಲ' ಎಂದರೆ ಎರಡನೆಯ ಅಭ್ಯರ್ಥಿ ಬೇರೆಡೆ ಸೇರುವ ಮುನ್ನ ಕಾರ್ಖಾನೆಯವರು ಅವನನ್ನು ಕರೆಯಬಹುದು. ಗಡುವು ದಾಟಿದ ಮೇಲೆ ಬಂದ ಪತ್ರದಲ್ಲಿ ಎಷ್ಟೇ ಸಿಹಿ ಮಾತಿದ್ದರೂ ಅವರಿಗೆ ನೆನಪುಳಿಯುವುದು ಕಳೆದುಹೋದ ಆ ಅಭ್ಯರ್ಥಿ.

ಅಚ್ಚಿನ ಪತ್ರದ ದೋಷ ಒರಟುತನವಲ್ಲ, ಜಾಣ್ಮೆ: ಯಾರಿಗೂ ನೋವಾಗದಂತೆ ಬರೆಯುವ ಭರದಲ್ಲಿ ಅದು ಏನನ್ನೂ ಹೇಳುವುದಿಲ್ಲ. ಜೂನ್ ತಿಂಗಳು ಮತ್ತು ರಫ್ತಿನ ಲೆಕ್ಕ ಎಂಬ ಎರಡು ವಿವರಗಳನ್ನು ತೆಗೆದುಹಾಕಿದರೆ ಒಳ್ಳೆಯ ಪತ್ರವೂ ಅಚ್ಚಿನದೇ ಆಗುತ್ತದೆ.