ಮುಖ ಮಸುಕಾದರೆ ಮಾನ ಉಳಿಯಿತೇ?

ಚಿಕ್ಕ ಮಕ್ಕಳಿರುವ ವಿಡಿಯೊ ಮಾಡುವವರ ನಡುವೆ ಎರಡು ಮಾತು ವೇದವಾಕ್ಯದಂತೆ ಓಡಾಡುತ್ತವೆ. ಮಕ್ಕಳಿಗೆ ಸ್ಕ್ರಿಪ್ಟ್ ಬೇಡ, ಬರೆದರೆ ಸಹಜತೆ ಸತ್ತುಹೋಗುತ್ತದೆ ಎಂಬುದು ಮೊದಲನೆಯದು. ಖಾಸಗಿತನದ ತಕರಾರು ಬಂದರೆ ಎಡಿಟಿಂಗ್‌ನಲ್ಲಿ ಮುಖ ಬ್ಲರ್ ಮಾಡಿದರಾಯಿತು, ಹೇಗೂ ತಾಯಿಯ ಸಹಿ ಇದೆಯಲ್ಲ ಎಂಬುದು ಎರಡನೆಯದು. ಇಂಥ ಚಿತ್ರಗಳಿಗೆ ಬರೆದುಕೊಡುವುದೇ ನನ್ನ ಕಸುಬು. ನನಗಂತೂ ಈ ಎರಡೂ ಮಾತು ತಲೆಕೆಳಗಾಗಿ ಕಾಣುತ್ತವೆ. ಮಗುವಿನ ಮಾನ ಉಳಿಯುವುದೂ ಹೋಗುವುದೂ ಬಹುಪಾಲು ಕ್ಯಾಮೆರಾ ಊರು ಸೇರುವ ಮೊದಲೇ, ಕಾಗದದ ಮೇಲೆ ತೀರ್ಮಾನವಾಗಿರುತ್ತದೆ.

ಅಂಗನವಾಡಿಯ ಪೌಷ್ಟಿಕ ಆಹಾರದ ಬಗ್ಗೆ ಮೂರು ನಿಮಿಷದ ಚಿತ್ರವೊಂದನ್ನು ತೆಗೆದುಕೊಳ್ಳಿ. ರೂಢಿಯ ಕಥಾಸಾರ ಎಲ್ಲರಿಗೂ ಬಾಯಿಪಾಠ. ಮನೆಯ ಹೊಸ್ತಿಲಲ್ಲಿ ಬಡಕಲು ಮಗು, ಪಕ್ಕದಲ್ಲಿ ತಾಯಿ. ಕಾರ್ಯಕರ್ತೆ ಬಂದು ಮಗುವಿನ ತೋಳಿಗೆ ಬಣ್ಣದ ಅಳತೆಪಟ್ಟಿ ಸುತ್ತುತ್ತಾರೆ, ಕ್ಯಾಮೆರಾ ಹತ್ತಿರ ಹೋಗುತ್ತದೆ, ಪಟ್ಟಿ ಕೆಂಪಿನಲ್ಲಿ ನಿಂತಿದೆ. ಕೆಳಗೆ ಮಗುವಿನ ಹೆಸರು, ವಯಸ್ಸು, ಊರು. ಆಮೇಲೆ ಹಾಲು, ಮೊಟ್ಟೆ, ಕೊನೆಗೊಂದು ನಗು.

ಆ ಕೆಂಪು ಏನೆಂದು ನೋಡೋಣ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಪಟ್ಟಿ ಕೆಂಪು ತೋರಿಸುತ್ತದೆ, 12.5ರವರೆಗೆ ಹಳದಿ, ಅದರಾಚೆ ಹಸಿರು. ಕೆಂಪು ಎಂದರೆ ತೀವ್ರ ಅಪೌಷ್ಟಿಕತೆಯ ಸೂಚನೆ. ಅಂದರೆ ಆ ಶಾಟ್ ಒಂದು ಮಗುವಿನ ವೈದ್ಯಕೀಯ ದಾಖಲೆ. ಅದರ ಕೆಳಗೆ ಹೆಸರು ಮತ್ತು ಊರು ಬರೆದು ನಾವು ಅದನ್ನು ಪ್ರಕಟಿಸುತ್ತೇವೆ. ಮಗು ಆರೇ ತಿಂಗಳಲ್ಲಿ ಹಸಿರಿಗೆ ಬಂದೀತು. ವಿಡಿಯೊ ಮಾತ್ರ ಕೆಂಪಿನಲ್ಲೇ ಉಳಿಯುತ್ತದೆ, ಹೈಸ್ಕೂಲಿನ ಸಹಪಾಠಿಗಳ ಮೊಬೈಲಿಗೂ ತಲುಪುತ್ತದೆ.

ಹಾಗಾದರೆ ಬ್ಲರ್ ಮಾಡೋಣ ಎನ್ನುತ್ತಾರೆ. ಬ್ಲರ್ ಯಾರಿಂದ ಮರೆಮಾಡುತ್ತದೆ? ಬೆಂಗಳೂರಿನಲ್ಲಿ ಕೂತು ನೋಡುವ ದಾನಿಗೆ ಆ ಮುಖ ಮೊದಲೂ ಗೊತ್ತಿರಲಿಲ್ಲ. ಊರಿನವರಿಗೆ ಮುಖ ಬೇಕಾಗಿಯೇ ಇಲ್ಲ. ನೀಲಿ ಬಾಗಿಲು, ಹಿಂದಿನ ಗುಡಿಯ ಗೋಪುರ, ತಾಯಿಯ ಧ್ವನಿ, ಹೋದ ಜಾತ್ರೆಗೆ ಹೊಲಿಸಿದ ಲಂಗ ಸಾಕು. ಕಾನೂನು ಈ ವಿಷಯದಲ್ಲಿ ನಮಗಿಂತ ಜಾಣ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್, ರಕ್ಷಣೆ ಬೇಕಾದ ಮಕ್ಕಳ ಹೆಸರು, ವಿಳಾಸ, ಶಾಲೆ ಮಾತ್ರವಲ್ಲ, ಗುರುತು ಹಿಡಿಯಲು ನೆರವಾಗುವ ಯಾವ ವಿವರವನ್ನೂ ಹೊರಗೆಡಹಬಾರದು ಎನ್ನುತ್ತದೆ. ಸಾಮಾನ್ಯ ಅಂಗನವಾಡಿ ಮಗುವಿಗೆ ಆ ಸೆಕ್ಷನ್ ಅನ್ವಯಿಸದೇ ಇರಬಹುದು, ಅದರ ಹಿಂದಿನ ವಿವೇಕ ಅನ್ವಯಿಸುತ್ತದೆ. ಇನ್ನೊಂದು ಹಾನಿಯನ್ನಂತೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನ್ಯೂಸ್ ಚಾನೆಲ್ ನೋಡಿ ಬೆಳೆದ ನಮ್ಮ ಕಣ್ಣಿಗೆ ಮಸುಕಾದ ಮುಖ ಎಂದರೆ ಅಪರಾಧದ ಸುದ್ದಿ. ಮೊಟ್ಟೆ ತಿನ್ನಲು ಬಂದ ಮಗುವನ್ನು ಆ ಸಾಲಿಗೆ ಯಾಕೆ ಸೇರಿಸಬೇಕು?

ಇದಕ್ಕೆ ಎದುರು ಬರುವ ಒಂದು ವಾದವನ್ನು ನಾನು ಗೌರವಿಸುತ್ತೇನೆ. ಬಡವರ ಮಕ್ಕಳ ಮುಖವನ್ನೇ ಅಳಿಸಿದರೆ ಅದೂ ಅವಮಾನವಲ್ಲವೇ, ಅವರೂ ಕಾಣಿಸಿಕೊಳ್ಳಬೇಡವೇ ಎಂಬುದು. ಕಾಣಿಸಿಕೊಳ್ಳಲಿ. ಮುಖದಲ್ಲಿ ದೋಷವಿಲ್ಲ, ಮುಖಕ್ಕೆ ಕೊರತೆಯನ್ನು ಅಂಟಿಸುವುದರಲ್ಲಿದೆ. ಬ್ಲಾಕ್ ಜೋಡಿಸುವ, ಹಾಡು ಹೇಳುವ, ಜಗಳವಾಡುವ ಮಗುವಿನ ಮುಖವನ್ನು ತಾಯಿ ಒಪ್ಪಿದರೆ ಧಾರಾಳವಾಗಿ ತೋರಿಸಬಹುದು. ಕೊರತೆಯ ಮಾತು ಬರುವಲ್ಲಿ ಮಾತ್ರ ಯಾವ ಮಗುವೂ ಪರದೆಯ ಮೇಲೆ ಇರಬಾರದು.

ಎಡಿಟಿಂಗ್‌ನಲ್ಲಿ ನೋಡಿಕೊಳ್ಳೋಣ ಎಂಬ ಮಾತು ಕೈಕೊಡುವುದು ಇಲ್ಲೇ. ‘ಊರಿನ ಕೆಲವು ಮಕ್ಕಳು ತೀವ್ರ ಅಪೌಷ್ಟಿಕತೆಯಿಂದ ಬಳಲುತ್ತಿದ್ದಾರೆ’ ಎಂದು ಹಿನ್ನೆಲೆ ಧ್ವನಿ ಹೇಳುತ್ತಿರುವಾಗ ದುಂಡುದುಂಡಾದ ಹುಡುಗಿಯೊಬ್ಬಳು ಪರದೆಯ ಮೇಲಿದ್ದರೂ ಆ ವಾಕ್ಯ ಅವಳ ತಲೆಯ ಮೇಲೇ ಕೂರುತ್ತದೆ. ಅವಳಿಗೆ ಇಲ್ಲದ ರೋಗವನ್ನು ನಾವು ಹಚ್ಚಿದಂತಾಯಿತು. ಸ್ಕ್ರಿಪ್ಟ್‌ನ ಎಡಗಡೆ ದೃಶ್ಯ, ಬಲಗಡೆ ಮಾತು ಬರೆಯುವ ಪದ್ಧತಿ ಇದೆಯಲ್ಲ, ಎರಡನ್ನೂ ಒಂದೇ ಸಾಲಿನಲ್ಲಿ ಓದಿದರೆ ಈ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ. ನಾನು ಮೂರನೆಯ ಕಾಲಂ ಒಂದನ್ನು ಹಾಕಿಕೊಳ್ಳುತ್ತೇನೆ: ಈ ಶಾಟ್ ನೋಡಿ ಊರಿನವರು ಯಾರನ್ನು ಗುರುತಿಸುತ್ತಾರೆ, ಅವರ ಬಗ್ಗೆ ಏನೆಂದುಕೊಳ್ಳುತ್ತಾರೆ?

ಅದೇ ಚಿತ್ರವನ್ನು ಹೀಗೆ ಬರೆಯಬಹುದು. ತಾಯಂದಿರ ಸಭೆಯಲ್ಲಿ ಕಾರ್ಯಕರ್ತೆ ಟವೆಲೊಂದನ್ನು ತೋಳಿನ ಗಾತ್ರಕ್ಕೆ ಬಿಗಿಯಾಗಿ ಸುತ್ತಿ, ಅದಕ್ಕೆ ಪಟ್ಟಿ ಹಾಕಿ ಕೆಂಪು ಎಲ್ಲಿ, ಹಳದಿ ಎಲ್ಲಿ ಎಂದು ತೋರಿಸುತ್ತಾರೆ. ಮಾಹಿತಿಯಲ್ಲಿ ಒಂದಕ್ಷರವೂ ಕಡಿಮೆಯಾಗಲಿಲ್ಲ. ಹೆಸರಿನೊಂದಿಗೆ ಕಥೆ ಹೇಳುವವರು ಆ ಕಾರ್ಯಕರ್ತೆಯೇ. ಅವರು ವಯಸ್ಕರು, ಒಪ್ಪಲೂ ಒಲ್ಲೆ ಎನ್ನಲೂ ಬಲ್ಲವರು. ಮಕ್ಕಳ ದೃಶ್ಯ ಬೇರೆ, ಅದಕ್ಕೆ ಹಿನ್ನೆಲೆ ಧ್ವನಿಯೇ ಇಲ್ಲ.

ಇನ್ನು ಸಹಜತೆಯ ಪ್ರಶ್ನೆ. ನಾಲ್ಕು ವರ್ಷದ ಮಗುವಿಗೆ ಡೈಲಾಗ್ ಬರೆದರೆ ಗಿಣಿಪಾಠವಾಗುವುದು ನಿಜ. ಹಾಗಂತ ಏನೂ ಬರೆಯದೆ ಹೋದವರು ಮಾಡುವುದೇನು? ‘ಮನೇಲಿ ಊಟ ಏನು ಮಾಡ್ತಾರೆ ಪುಟ್ಟಾ? ಅಪ್ಪ ಕೆಲಸಕ್ಕೆ ಹೋಗ್ತಾರಾ?’ ಎಂದು ಕೇಳುವುದು. ಯಾವುದನ್ನು ಹೇಳಬಾರದು ಎಂಬುದು ಮಗುವಿಗೆ ಗೊತ್ತಿರುವುದಿಲ್ಲ. ಅಪ್ಪ ಕುಡಿದು ಮಲಗಿದ್ದು ಹೊರಬರುತ್ತದೆ, ಅದನ್ನೇ ‘ಸಹಜ ಕ್ಷಣ’ ಎಂದು ಇಟ್ಟುಕೊಳ್ಳುತ್ತಾರೆ. ಸ್ಕ್ರಿಪ್ಟ್ ಮಗುವಿಗೆ ಮಾತು ಕೊಡಬೇಕಿಲ್ಲ, ಕೆಲಸ ಕೊಡಬೇಕು. ನನ್ನ ಕಾಗದದಲ್ಲಿ ಇಷ್ಟೇ ಇರುತ್ತದೆ: ‘ಮಕ್ಕಳು ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತಾರೆ. ಕೈಗಳ ಕ್ಲೋಸಪ್. ಪ್ರಶ್ನೆ ಕೇಳುವಂತಿಲ್ಲ. ಮಗುವಿನ ಅಂಗಿಗೆ ಮೈಕ್ ಸಿಕ್ಕಿಸುವಂತಿಲ್ಲ.’ ಒಬ್ಬ ತಟ್ಟೆಗೆ ಕುಟ್ಟುತ್ತಾನೆ, ಇನ್ನೊಬ್ಬಳು ಸಿಪ್ಪೆಯ ಜೊತೆ ಬಿಳಿಯನ್ನೂ ಕಿತ್ತು ಹಳದಿ ಉಂಡೆಯನ್ನಷ್ಟೇ ಉಳಿಸಿಕೊಳ್ಳುತ್ತಾಳೆ. ಇದಕ್ಕಿಂತ ಸಹಜವಾದದ್ದನ್ನು ಯಾವ ನಿರ್ದೇಶಕನೂ ಹೇಳಿ ಮಾಡಿಸಲಾರ.

ಸಹಿಯ ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರಿಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಕೇಳುತ್ತದೆ, ಒಳ್ಳೆಯದು. ಆದರೆ ಆಹಾರದ ಪೊಟ್ಟಣ ಕೊಡುವ ಕೈಯೇ ಫಾರ್ಮನ್ನೂ ಚಾಚಿದರೆ ಯಾವ ತಾಯಿ ಬೇಡವೆಂದಾಳು? ಇಂಗ್ಲಿಷ್ ಫಾರ್ಮಿನ ಬದಲು ಸ್ಕ್ರಿಪ್ಟನ್ನೇ ಒಂದೊಂದು ಶಾಟ್‌ನಂತೆ ಅವಳಿಗೆ ಓದಿ ಹೇಳಬೇಕು, ಅದೂ ಪೊಟ್ಟಣಕ್ಕೆ ಸಂಬಂಧವಿಲ್ಲದವರು. ‘ಹೊಸ್ತಿಲಲ್ಲಿ ಕೂತಿರೋದು ಬೇಡ, ಮನೆ ಕಾಣುತ್ತೆ’ ಎಂಬಂಥ ಉತ್ತರ ಆಗ ಬರುತ್ತದೆ. ಬರೀ ಸಹಿ ಕೇಳಿದಾಗ ಅದು ಬರುವುದಿಲ್ಲ.

ಮಗುವಿನ ಒಪ್ಪಿಗೆಯೋ? ಬೇಡ ಎಂದು ಮಗು ಬಾಯಿಬಿಟ್ಟು ಹೇಳುವುದಿಲ್ಲ. ಸೆರಗಿನ ಹಿಂದೆ ಸೇರಿಕೊಳ್ಳುತ್ತದೆ, ಬೆರಳು ಬಾಯಿಗೆ ಹೋಗುತ್ತದೆ, ಕಣ್ಣು ನೆಲಕ್ಕೆ. ಆಗ ಚಾಕೊಲೇಟ್ ತೋರಿಸಿ ಪುಸಲಾಯಿಸುವ ನಿರ್ದೇಶಕ ಕೆಟ್ಟವನೇನಲ್ಲ. ಇಡೀ ಕಥೆಯನ್ನು ಆ ಒಂದು ಮಗುವಿನ ಮೇಲೆ ನಿಲ್ಲಿಸಿದ ಬರಹಗಾರ ಅವನಿಗೆ ಬೇರೆ ದಾರಿ ಉಳಿಸಿಲ್ಲ. ಮೊಟ್ಟೆಯ ದೃಶ್ಯದಲ್ಲಿ ಹತ್ತು ಮಕ್ಕಳಿದ್ದು ಮೂವರು ಎದ್ದು ಹೋದರೂ ಚಿತ್ರ ನಿಲ್ಲುವುದಿಲ್ಲ.

ಹಣ ಕೊಡುವವರು ಕಣ್ಣೀರಿಲ್ಲವಲ್ಲ ಎಂದು ಗೊಣಗುತ್ತಾರೆ. ಗೊಣಗಲಿ. ಅವರ ಕಚೇರಿಯವರೇ ಆಮೇಲೆ ಥಂಬ್‌ನೇಲ್‌ಗೆ ಅಳುಮುಖವೊಂದನ್ನು ಹೆಕ್ಕುವ ಸಾಧ್ಯತೆ ಇರುವುದರಿಂದ ಸ್ಕ್ರಿಪ್ಟ್‌ನ ಕೊನೆಯ ಸಾಲಿನಲ್ಲಿ ಅದನ್ನೂ ಬರೆದುಬಿಡುತ್ತೇನೆ: ‘ಥಂಬ್‌ನೇಲ್: ಮೊಟ್ಟೆ, ಎರಡು ಕೈ. ಶೀರ್ಷಿಕೆಯಲ್ಲಿ ಊರಿನ ಹೆಸರಿಲ್ಲ.’