ಎನ್ನಲಾಗಿದೆ: ಅಂದವರು ಯಾರು?

ಉರ್ದು ಪತ್ರಿಕೆಗಳಲ್ಲಿ ‘ಮುಬಯ್ಯನಾ’ ಎಂಬ ಪದವಿದೆ. ‘ಬಯಾನ್’ ಎಂಬ ಮಾತಿಗೆ ಸಂಬಂಧಿಸಿದ ಈ ಪದಕ್ಕೆ ‘ಆರೋಪಿತ’ ಎಂದರ್ಥ. ಅದು ಸುದ್ದಿಗಿಂತ ಮೊದಲೇ ಬಂದು ಓದುಗನನ್ನು ಎಚ್ಚರಿಸುತ್ತದೆ. ನಮ್ಮ ಕನ್ನಡದ ‘ಎನ್ನಲಾಗಿದೆ’ ಬರುವುದು ವಾಕ್ಯದ ಕೊನೆಗೆ. ಅಷ್ಟರಲ್ಲಿ ಓದುಗನ ಮನಸ್ಸಿನಲ್ಲಿ ಅಪರಾಧದ ಚಿತ್ರ ಮೂಡಿಬಿಟ್ಟಿರುತ್ತದೆ.

ಬೆಂಗಳೂರಿನಲ್ಲಿ ಓದಿದ ವೈದ್ಯ ಮೊಹಮ್ಮದ್ ಹನೀಫ್ ಅವರ ಪ್ರಕರಣವನ್ನು ನೆನೆಯಿರಿ. 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪನ್ನು ನುಗ್ಗಿಸಲಾಯಿತು. ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹನೀಫ್ ಬಂಧನವಾಯಿತು. ಇಂಗ್ಲೆಂಡ್ ಬಿಡುವಾಗ ಅವರು ತಮ್ಮ ಸಿಮ್ ಕಾರ್ಡನ್ನು ಸಂಬಂಧಿಯೊಬ್ಬರಿಗೆ ಕೊಟ್ಟು ಹೋಗಿದ್ದರು. ಆ ಸಿಮ್ ಜೀಪಿನಲ್ಲೇ ಸಿಕ್ಕಿತೆಂದು ಜುಲೈ 14ರಂದು ಸರ್ಕಾರಿ ವಕೀಲರು ನ್ಯಾಯಾಲಯದಲ್ಲಿ ಹೇಳಿದರು. ಕೆಲವೇ ದಿನಗಳಲ್ಲಿ ನಿಜ ಹೊರಬಂತು. ಸಿಮ್ ಇದ್ದದ್ದು ಲಿವರ್‌ಪೂಲ್‌ನಲ್ಲಿ, ಆ ಸಂಬಂಧಿಯ ಬಳಿ. ಜುಲೈ 27ರಂದು ಆರೋಪವನ್ನು ಹಿಂತೆಗೆದುಕೊಳ್ಳಲಾಯಿತು.

ಇದನ್ನು ಮೂರು ಬಗೆಯಲ್ಲಿ ಬರೆದು ನೋಡೋಣ. ‘ಹನೀಫ್ ಸಿಮ್ ಜೀಪಿನಲ್ಲಿ ಸಿಕ್ಕಿದೆ’ ಎಂಬುದು ಸುಳ್ಳು. ‘ಹನೀಫ್ ಸಿಮ್ ಜೀಪಿನಲ್ಲಿ ಸಿಕ್ಕಿದೆ ಎನ್ನಲಾಗಿದೆ’ ಎಂದರೆ ವರದಿಗಾರ ಪಾರಾದ, ಹನೀಫ್ ಪಾರಾಗಲಿಲ್ಲ. ಅಂದವರು ಯಾರು, ಅವರು ಅದನ್ನು ಕಣ್ಣಾರೆ ಕಂಡವರೇ ಎಂದು ಕೇಳಲು ಇಲ್ಲಿ ದಾರಿಯಿಲ್ಲ. ಮೂರನೆಯದು: ‘ಸರ್ಕಾರಿ ವಕೀಲರು ನ್ಯಾಯಾಲಯದಲ್ಲಿ ಹೇಳಿರುವಂತೆ, ಹನೀಫ್ ಸಿಮ್ ಜೀಪಿನಲ್ಲಿ ಸಿಕ್ಕಿದೆ. ಇದಕ್ಕೆ ಬೇರೆ ಮೂಲದಿಂದ ಖಚಿತತೆ ದೊರೆತಿಲ್ಲ.’ ವಕೀಲರ ಮಾತು ಸುಳ್ಳಾದ ಮೇಲೂ ಈ ವರದಿ ಸುಳ್ಳಾಗುವುದಿಲ್ಲ. ಮಾತಿನ ಹೊಣೆ ಯಾರದೆಂಬುದು ಗೊತ್ತಿರುವುದರಿಂದ ಮರುದಿನ ಪ್ರಶ್ನೆ ಕೇಳುವುದಕ್ಕೂ ವಿಳಾಸವಿದೆ.

ಹಾಗೆಂದು ಎಲ್ಲದಕ್ಕೂ ಇಂಥ ಪದ ಬೇಡ. ಬಂಧನ ನಡೆದದ್ದು ಖಚಿತ. ಅಲ್ಲಿ ‘ಬಂಧಿಸಲಾಗಿದೆ ಎನ್ನಲಾಗಿದೆ’ ಎಂದು ಬರೆದರೆ, ಗೊತ್ತಿರುವುದಕ್ಕೂ ಗೊತ್ತಿಲ್ಲದ್ದಕ್ಕೂ ಒಂದೇ ಮಸಿ ಬಳಿದಂತಾಗುತ್ತದೆ. ನಿಜವಾದ ಅನುಮಾನ ಎಲ್ಲಿದೆಯೋ ಅಲ್ಲಿ ಆ ಪದ ಕೆಲಸಕ್ಕೆ ಬಾರದಾಗುತ್ತದೆ. ‘ಕಂಡುಬಂತು’ ಎಂಬುದನ್ನೂ ಯಾರಾದರೂ ಕಂಡಿದ್ದರೆ ಮಾತ್ರ ಬರೆಯಬೇಕು. ಕಂಡವರು ಎಷ್ಟು ದೂರದಲ್ಲಿದ್ದರು ಎಂಬುದೂ ಜೊತೆಗಿದ್ದರೆ ಒಳ್ಳೆಯದು.

ಇನ್ನು ‘ಶಂಕಿತ ಉಗ್ರ’. ಇಲ್ಲಿ ಶಂಕೆ ಪಟ್ಟವರು ಮಾಯವಾಗಿ, ಶಂಕೆಗೆ ಒಳಗಾದವನಿಗೆ ಅದು ಬಿರುದಾಗಿ ಅಂಟಿಕೊಳ್ಳುತ್ತದೆ. ‘ಇಂಥ ಕಲಮಿನಡಿ ಆರೋಪ ಹೊತ್ತಿರುವ ವೈದ್ಯ’ ಎಂದರೆ ಆರೋಪ ಬಿದ್ದುಹೋದ ದಿನ ವೈದ್ಯನಾದರೂ ಉಳಿಯುತ್ತಾನೆ.

ಕಥೆಗಾರನಾದ ನಾನು ಪಾತ್ರವನ್ನು ಅನುಮಾನದಲ್ಲೇ ಬಿಟ್ಟು ಕಥೆ ಮುಗಿಸಬಹುದು. ವರದಿಗಾರನಿಗೆ ಆ ಸವಲತ್ತು ಇಲ್ಲ. ‘ಎನ್ನಲಾಗಿದೆ’ ಎಂದು ಬರೆಯುವ ಮುನ್ನ ಅವನು ಅಂದವರ ಹೆಸರು ಅಥವಾ ಹುದ್ದೆಯನ್ನು ಬರೆಯಲು ಯತ್ನಿಸಲಿ. ಬರೆಯಲು ಯಾರೂ ಸಿಗದಿದ್ದರೆ ಅದು ಇನ್ನೂ ಸುದ್ದಿಯಲ್ಲ, ಗಾಳಿಮಾತು.